ಮುಳ್ಳು ಹಸಿರಿನ ಕೆಳಗೆ ಇಳಿದ ಭಾನುವಾರ

ಅನಸುಬಾಯಿಯನ್ನು ನಾನು ಮೊದಲು ಕಂಡ ದಿನ ನನ್ನ ಕೈಯಲ್ಲಿ ಮನೆಯಾಕೆಯ ಇನ್ಸುಲಿನ್ ಸೀಸೆ ಇತ್ತು. ಏಪ್ರಿಲ್ ತಿಂಗಳು. ನಮ್ಮ ಮನೆಯ ಫ್ರಿಜ್ಜು ಕೆಟ್ಟು ಎರಡು ದಿನವಾಗಿತ್ತು, ರಿಪೇರಿಯವನು ವಾಡಿಯಿಂದ ಬರಬೇಕಾಗಿತ್ತು. ಶಹಾಬಾದಿನ ಬಿಸಿಲಿಗೆ ಫರಸಿ ಕಲ್ಲಿನ ನೆಲವೇ ಕಾದು ಕಾಲು ಸುಡುತ್ತಿತ್ತು. ಔಷಧಿ ಕೆಡದೆ ಉಳಿದೀತೆ ಎಂಬ ಅಂಜಿಕೆಯಿಂದ ನಾನು ನಮ್ಮ ಓಣಿಯ ಕೊನೆಯಲ್ಲಿದ್ದ ಸಣ್ಣ ಧರ್ಮಾರ್ಥ ದವಾಖಾನೆಗೆ ಹೋದೆ. ಎರಡು ಕೋಣೆ, ಒಂದು ಪಡಸಾಲೆ. ಒಳಗಿನ ಕೋಣೆಯಲ್ಲಿ ಬಿಳಿ ಫ್ರಿಜ್ಜೊಂದರ ಮುಂದೆ ನಲವತ್ತರ ಆಸುಪಾಸಿನ ನರ್ಸಮ್ಮ ಸ್ಟೂಲಿನ ಮೇಲೆ ಕುಳಿತು ಗೋಡೆಯ ಗಡಿಯಾರ ನೋಡುತ್ತಿದ್ದಳು.

ಸೀಸೆ ತೋರಿಸಿ, ಎರಡು ದಿನ ಇಲ್ಲಿಟ್ಟುಕೊಳ್ಳಿ ಎಂದು ಕೇಳಿದೆ.

“ಆಗಂಗಿಲ್ರಿ ಸರ್. ಇದು ಲಸಿಕಿ ಫ್ರಿಜ್ಜು. ಇದರಾಗ ನಮ್ಮ ಡಾಕ್ಟರ್ ಮೇಡಮ್ಮೋರ ಮಜ್ಜಿಗಿ ಸೈತ ಇಡಂಗಿಲ್ಲ.”

“ಒಂದು ಸಣ್ಣ ಸೀಸೆ ಅಲ್ಲೇನಮ್ಮಾ?”

“ನಿಮ್ಮದು ಸಣ್ಣದು. ನಾಳಿ ಇನ್ನೊಬ್ಬರು ತರತಾರ, ಅದೂ ಸಣ್ಣದು. ಒಬ್ಬೊಬ್ಬರಿಗೆ ಬಾಗಲ ತೆಗದ್ರ ನನ್ನ ಕೂಸುಗಳ ಸೂಜಿ ಏನಾಗಬೇಕ್ರಿ?”

ಇಷ್ಟು ಹೇಳಿ ಆಕೆ ನನ್ನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಹಿತ್ತಲಿನಿಂದ ಒಂದು ದೊಡ್ಡ ಮಣ್ಣಿನ ಗಡಿಗೆ, ಒಂದು ಸಣ್ಣ ಕುಡಿಕೆ ತಂದಳು. ಗಡಿಗೆಯಲ್ಲಿ ಉಸುಕು ಹಾಕಿ, ನೀರು ಹನಿಸಿ, ಕುಡಿಕೆಯನ್ನು ಅದರಲ್ಲಿ ಕೂರಿಸಿ, ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುಡಿಕೆಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ ನನ್ನ ಕೈಗೆ ಕೊಟ್ಟಳು. “ನೆಳ್ಳಾಗ ಇಡ್ರಿ. ಬಟ್ಟಿ ಒಣಗಲಿಕ್ಕೆ ಬಿಡಬ್ಯಾಡ್ರಿ” ಎಂದಳು. ಆಮೇಲೆ ಗಡಿಯಾರ ಐದು ತೋರಿಸಿತು. ಆಕೆ ಫ್ರಿಜ್ಜಿನ ಬಾಗಿಲು ತೆರೆದು, ಒಳಗಿದ್ದ ಗುಂಡನೆಯ ತಾಪಮಾಪಕ ನೋಡಿ, ಬಾಗಿಲು ಮುಚ್ಚಿ, ಗೋಡೆಗೆ ನೇತುಹಾಕಿದ್ದ ಕಾಗದದಲ್ಲಿ ‘೫’ ಎಂದು ಬರೆದು ಸಹಿ ಹಾಕಿದಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬೇರೆ ಕೆಲಸವಿಲ್ಲದಿದ್ದರೆ ಆ ಬಾಗಿಲು ಅಷ್ಟೇ ತೆರೆಯುವುದು. ಮೂವತ್ತು ವರ್ಷ ಮಕ್ಕಳ ಹಾಜರಿ ಬರೆದ ನನಗೆ ಆ ಕಾಗದದ ಮೇಲೆ ಮನಸ್ಸು ಬಿತ್ತು. ಒಂದು ಚೌಕವೂ ಖಾಲಿ ಇರಲಿಲ್ಲ.

ಅಂದಿನಿಂದ ಗುರುವಾರಗಳಂದು ನಾನು ಅಲ್ಲಿಗೆ ಹೋಗಿ ಕೂಡತೊಡಗಿದೆ. ಗುರುವಾರ ಲಸಿಕೆಯ ದಿನ. ತಾಯಂದಿರ ಕಾರ್ಡಿನಲ್ಲಿ ಹೆಸರು, ತಾರೀಖು ಬರೆಯುವುದು ನನ್ನ ಕೆಲಸ.

ಅನಸುಬಾಯಿ ಭಂಕೂರದವಳು. ತಂದೆ ಫರಸಿ ಗಣಿಯಲ್ಲಿ ಕಲ್ಲು ಒಡೆದು ಈಕೆಗೆ ನರ್ಸಿಂಗ್ ಓದಿಸಿದ. ಆಕೆಯ ಹಿಂದೆ ಹುಟ್ಟಿದ ತಮ್ಮ ಎಳೆಯ ವಯಸ್ಸಿನಲ್ಲೇ ಗಂಟಲುಮಾರಿಯಿಂದ ತೀರಿಕೊಂಡಿದ್ದನಂತೆ. ಆ ಮಾತನ್ನು ಒಮ್ಮೆ ಹೇಳಿದಳು, ಮತ್ತೆ ಎಂದೂ ಎತ್ತಲಿಲ್ಲ.

ದವಾಖಾನೆಯಲ್ಲಿ ಇನ್ನಿಬ್ಬರು. ಡಾಕ್ಟರ್ ಸುಮಂಗಲಾ, ಮೆಲುಮಾತಿನವರು. ಇನ್ನೊಬ್ಬಳು ಕಮರುನ್ನೀಸಾ, ಕಸ ಹೊಡೆದು, ನೆಲ ಒರೆಸಿ, ಬಂದ ಕೂಸುಗಳನ್ನೆಲ್ಲ ಎತ್ತಿ ಆಡಿಸುವವಳು. ಹಿತ್ತಲಿನ ಕೋಣೆಯಲ್ಲೇ ವಾಸ. ಅನಸುಬಾಯಿ ಆಕೆಯನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎಂದು ಕರೆಯುತ್ತಿದ್ದಳು. ಆಪಾಗೆ ಓದು ಬಾರದು. ಅವಸರದಲ್ಲಿ ಮುಳ್ಳು ನೋಡಲು ಅನುಕೂಲವಾಗಲೆಂದು ಅನಸುಬಾಯಿ ತಾಪಮಾಪಕದ ಗಾಜಿನ ಮೇಲೆ ಉಗುರಿಗೆ ಹಚ್ಚುವ ಬಣ್ಣದಿಂದ ಗುರುತು ಮಾಡಿದ್ದಳು: ಎರಡರಿಂದ ಎಂಟರವರೆಗೆ ಹಸಿರು, ಎಂಟರ ಮೇಲೆ ಕೆಂಪು. ಮುಳ್ಳು ಹಸಿರಿನಲ್ಲಿದ್ದರೆ ಸರಿ, ಕೆಂಪಿಗೆ ಹೋದರೆ ಕೂಗಬೇಕು. ಇಷ್ಟನ್ನು ಆಪಾ ಕಲಿತಿದ್ದಳು.

ಗೋಡೆಯ ಕಾಗದವಲ್ಲದೆ ಒಂದು ದಾಸ್ತಾನು ಪುಸ್ತಕವೂ ಇತ್ತು. ಲಸಿಕೆಯ ಹೆಸರು, ಬ್ಯಾಚ್ ನಂಬರು, ಅವಧಿ ಮುಗಿಯುವ ತಿಂಗಳು, ಬಂದದ್ದೆಷ್ಟು, ತೆಗೆದದ್ದೆಷ್ಟು, ಉಳಿದದ್ದೆಷ್ಟು. ಯಾವುದರ ಅವಧಿ ಮೊದಲು ಮುಗಿಯುವುದೋ ಅದನ್ನೇ ಮೊದಲು ತೆಗೆಯಬೇಕು. ಅದಕ್ಕಾಗಿ ಆಕೆ ನಡುವಿನ ಹಲಗೆಯಲ್ಲಿ ಬೇಗ ಮುಗಿಯುವ ಸೀಸೆಗಳನ್ನು ಮುಂದೆ, ತಡವಾಗಿ ಮುಗಿಯುವವನ್ನು ಹಿಂದೆ ಜೋಡಿಸುತ್ತಿದ್ದಳು. ಮೇಲಿನ ಹಲಗೆಯಲ್ಲಿ, ಮಂಜುಗಡ್ಡೆ ಕಟ್ಟುವ ಬರ್ಫದ ಖಾನೆಯ ಕೆಳಗೆ, ನೀರಿನ ಬಾಟಲಿಗಳಷ್ಟೇ. ಕರೆಂಟು ಹೋದಾಗ ತಂಪು ಹಿಡಿದಿಡಲು ಅವು ಬೇಕು.

ಇನ್ನು ಆ ಭಾನುವಾರದ ಮಾತಿಗೆ ಬರುತ್ತೇನೆ. ಮೇ ತಿಂಗಳ ನಡುವೆ. ಶನಿವಾರ ಸಂಜೆ ಕಾಗದದಲ್ಲಿ ‘೭’ ಬಿದ್ದಿತ್ತು. ಅನಸುಬಾಯಿ ಅದನ್ನು ಬರೆಯುತ್ತ, “ಇನ್ನೊಂದು ಏರಿತಂದ್ರ ಮುಗೀತು ನೋಡ್ ಆಪಾ” ಎಂದಿದ್ದಳು. ಮರುದಿನ ಚಿತ್ತಾಪುರದಲ್ಲಿ ಆಕೆಯ ಅಣ್ಣನ ಮಗಳ ಮದುವೆ. ಭಾನುವಾರವೂ ತಪ್ಪದೆ ಬಂದು ಮುಳ್ಳು ನೋಡುತ್ತಿದ್ದವಳು ಆ ಒಂದು ದಿನ ಆಪಾಗೆ ಒಪ್ಪಿಸಿ ಹೋದಳು. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಮುಳ್ಳು ಮೂರರ ಮೇಲಿತ್ತು. “ನಿನ್ನೆ ಹ್ಯಾಂಗಿತ್ತು?” ಎಂದು ಕೇಳಿದಳು. “ಎಲ್ಲಾ ಬರೋಬ್ಬರಿ ಇತ್ತು ಬಾಯಿ” ಎಂದಳು ಆಪಾ. ಭಾನುವಾರದ ಎರಡು ಚೌಕಗಳು ಖಾಲಿ ಇದ್ದವು. ಅನಸುಬಾಯಿ ಬೆಳಿಗ್ಗೆಗೆ ‘೪’, ಸಂಜೆಗೆ ‘೪’ ಎಂದು ಬರೆದು ಸಹಿ ಹಾಕಿದಳು.

ಗುರುವಾರ ಹನ್ನೊಂದು ಕೂಸುಗಳು ಬಂದವು. ಗಂಟಲುಮಾರಿಯೂ ಸೇರಿ ಐದು ರೋಗಗಳಿಗೆ ಒಟ್ಟಾಗಿ ಕೊಡುವ ಪೆಂಟಾ ಸೂಜಿ ಹನ್ನೊಂದಕ್ಕೂ ಬಿತ್ತು. ಒಂದು ಸೀಸೆಯಲ್ಲಿ ಹತ್ತು ಡೋಸು. ಹನ್ನೊಂದನೆಯದು ನಮ್ಮ ಓಣಿಯ ಪೂನಮಳ ಮಗಳು, ಹತ್ತು ವಾರದ್ದು. ಅವಳೊಬ್ಬಳಿಗಾಗಿ ಎರಡನೆಯ ಸೀಸೆ ತೆರೆಯಬೇಕಾಯಿತು. ಎಲ್ಲರೂ ಹೋದ ಮೇಲೆ ನಾವು ಚಹಾ ಕುಡಿಯುತ್ತ ಕುಳಿತಿದ್ದೆವು. ಹೊರಗೆ ಬಿಸಿಲು ಹೊಗೆಯಾಡುತ್ತಿತ್ತು.

“ಈ ಸಲ ಫ್ರಿಜ್ಜಿಗೆ ಹೊಟ್ಟಿ ತುಂಬ ಥಂಡಿ ಕುಡಿಸೀನ್ರಿ ಮಾಸ್ತರ್” ಎಂದಳು ಕಮರುನ್ನೀಸಾ, ನನ್ನ ಕಡೆ ತಿರುಗಿ. “ಬಾಯಿ ಸನಿವಾರ ಹೆದರಿದ್ಲಲ್ಲ. ಆಕಿ ಹೋದ ಮ್ಯಾಲ ಥಂಡಿ ಹೆಚ್ಚು ಮಾಡೋ ಗುಂಡಿ ಪೂರಾ ತಿರುವಿಬಿಟ್ಟೆ. ಐತವಾರ ಸಂಜಿಕ ನೋಡ್ತೀನಿ, ಮ್ಯಾಲಿನ ಬಾಟ್ಲಿ ನೀರು ಬರ್ಫ್! ಮುಳ್ಳು ಹಸಿರು ದಾಟಿ ಆ ಕಡೆ ಮಲ್ಕೊಂಡಿತ್ತು. ಸಾಕಿನ್ನು ಅಂತ ಗುಂಡಿ ಮೊದಲಿನ ಜಾಗಾಕ್ಕ ತಂದಿಟ್ಟೆ.”

ಅನಸುಬಾಯಿಯ ಕೈಯಲ್ಲಿದ್ದ ಚಹಾದ ಲೋಟ ನಿಧಾನವಾಗಿ ಕೆಳಗಿಳಿಯಿತು.

“ಯಾವ ಕಡೆ ಆಪಾ? ಕೆಂಪಿನ ಕಡೀನಾ, ಈ ಕಡೀನಾ?”

“ಕೆಂಪಿನ ಕಡಿ ಹೋದ್ರ ನಾ ಸುಮ್ನಿರ್ತೀನಾ? ಈ ಕಡಿ. ಥಂಡಿ ಕಡಿ.”

ಅನಸುಬಾಯಿ ಎದ್ದು ಒಳಗೆ ಹೋದಳು. ಐದು ನಿಮಿಷವಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ ಗೋಡೆಯ ಕಾಗದದ ಮುಂದೆ ನಿಂತು ಭಾನುವಾರದ ಎರಡು ನಾಲ್ಕುಗಳನ್ನು ನೋಡುತ್ತಿದ್ದಳು.

“ಸರ್, ಪೆಂಟಾ ಬಿಸಲಿಗಿಂತ ಬರ್ಫಕ್ಕ ಹೆಚ್ಚು ಅಂಜತದ. ಒಮ್ಮಿ ಹೆಪ್ಪುಗಟ್ಟಿತಂದ್ರ ತೀರ್ತು. ಕರಗಿದ ಮ್ಯಾಲ ನೋಡ್ಲಿಕ್ಕ ಹಂಗೇ ಇರತದ, ಖರೇ ಒಳಗ ಕಸುವು ಇರಂಗಿಲ್ಲ. ಹನ್ನೊಂದು ಕೂಸುಗಳಿಗಿ ನಾ ಬರೇ ನೀರು ಚುಚ್ಚಿ ಕಳಿಸೀನೇನೋ.”

ಡಾಕ್ಟರ್ ಸುಮಂಗಲಾ ಬಂದು ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದರು. ಸೀಸೆಯ ಮೇಲೆ ಶಾಖ ತಗುಲಿದರೆ ಕಪ್ಪಾಗುವ ಒಂದು ಚೌಕ ಇರುತ್ತದೆ. ಅದು ಬೆಳ್ಳಗೇ ಇತ್ತು.

“ಗುರುತು ಚೆನ್ನಾಗೇ ಇದೆಯಲ್ಲ, ಅನಸು.”

“ಅದು ಬಿಸಿದು ಅಷ್ಟ ಹೇಳತದ್ರಿ ಮೇಡಂ. ಥಂಡಿದ್ದು ಹೇಳಂಗಿಲ್ಲ.” ಫ್ರಿಜ್ಜಿನ ಕಡೆ ನೋಡಿ ಸೇರಿಸಿದಳು, “ನಾನೂ ಹಂಗೇ ಮಾಡೀನಿ. ಬಿಸಿ ಕಡಿ ಕೆಂಪು ಹಚ್ಚಿದೆ. ಥಂಡಿ ಕಡಿ ಏನೂ ಹಚ್ಚಲಿಲ್ಲ. ಈ ಊರಾಗ ಥಂಡಿಗಿ ಯಾರು ಅಂಜತಾರ ಅಂತ.”

ಬಾಗಿಲಲ್ಲಿ ನಿಂತಿದ್ದ ಕಮರುನ್ನೀಸಾಗೆ ಆಗ ವಿಷಯ ಅರ್ಥವಾಯಿತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಲ್ಲಿಯೇ ಕುಳಿತುಬಿಟ್ಟಳು. ಅನಸುಬಾಯಿ ಆಕೆಯನ್ನು ಬೈಯಲಿಲ್ಲ. “ಏಳ್ ಆಪಾ, ಗುಂಡಿ ತಿರುವಿದ್ದು ನೀನು, ಖರೇ ನೋಡಲಾರದ ನಾಕು ಬರದಾಕಿ ನಾನು” ಎಂದಳು.

ಆಮೇಲಿನ ಕೆಲಸವನ್ನು ಆಕೆ ಒಂದೊಂದಾಗಿ ಮಾಡಿದಳು. ಹೆಪ್ಪುಗಟ್ಟಿದರೆ ಕೆಡುವ ಲಸಿಕೆ ಆ ವಾರ ಫ್ರಿಜ್ಜಿನಲ್ಲಿ ಪೆಂಟಾ ಒಂದೇ ಇತ್ತು. ಉಳಿದವನ್ನು ಅದೇ ಬೆಳಿಗ್ಗೆ ತಂಪು ಡಬ್ಬಿಯಲ್ಲಿ ತರಿಸಿದ್ದರು. ಪೆಂಟಾ ಸೀಸೆಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ, ‘ಬಳಸಬಾರದು’ ಎಂದು ಚೀಟಿ ಕಟ್ಟಿ, ಫ್ರಿಜ್ಜಿನಲ್ಲೇ ಬೇರೆ ಇಟ್ಟಳು. ಪರೀಕ್ಷೆ ಆಗುವವರೆಗೆ ಅವು ತಂಪಿನಲ್ಲೇ ಇರಬೇಕು. ನಂತರ ದಾಸ್ತಾನು ಪುಸ್ತಕ ತೆರೆದಳು. ಜುಲೈಗೆ ಮುಗಿಯುವ ಬ್ಯಾಚಿನವು ಮೂರು ಸೀಸೆ, ಮುಂದಿನ ಸಾಲು. ನವೆಂಬರಿಗೆ ಮುಗಿಯುವವು ಆರು, ಫ್ರಿಜ್ಜಿನ ಥಂಡಿ ಹೆಚ್ಚಿರುವ ಹಿಂದಿನ ಗೋಡೆಯ ಕಡೆ. ಆ ದಿನ ತೆಗೆದದ್ದು ಜುಲೈ ಬ್ಯಾಚಿನ ಎರಡು ಎಂದು ಆಕೆಯದೇ ಅಕ್ಷರದಲ್ಲಿತ್ತು.

“ಹಾಗಾದರೆ ಮುಂದಿನ ಸಾಲಿನದನ್ನೇ ಕೊಟ್ಟಿದ್ದೀರಿ” ಎಂದೆ.

“ಪುಸ್ತಕದಾಗ ಹಂಗ ಅದ್ರಿ. ಖರೇ ಸರ್, ಈ ಪುಸ್ತಕಾನೂ ಬರದಾಕಿ ನಾನೇ, ಆ ಕಾಗದಾನೂ ಬರದಾಕಿ ನಾನೇ. ಅದರಾಗ ಸುಳ್ಳು ಬರದೀನಿ. ಇದರಾಗ ಬರದಿಲ್ಲ ಅಂತ ಯಾರಿಗಿ ಹೇಳ್ಲಿ?”

ತೆರೆದ ಸೀಸೆಗಳನ್ನು ಎರಡು ದಿನ ಎಸೆಯದೆ ಇಡುವ ಪದ್ಧತಿ ಇತ್ತು. ಆಕೆ ಟ್ರೇ ತಂದು ಬರಿದಾದ ಸೀಸೆ, ಪೂನಮಳ ಮಗಳಿಗಾಗಿ ತೆರೆದ ಸೀಸೆ, ಎರಡನ್ನೂ ನನ್ನ ಕೈಗೆ ಕೊಟ್ಟಳು. “ನೀವು ಓದ್ರಿ. ನನ್ನ ಕಣ್ಣು ನಾ ನಂಬಂಗಿಲ್ಲ.” ನಾನು ಕನ್ನಡಕ ಒರೆಸಿಕೊಂಡು ಓದಿದೆ. ಎರಡರ ಮೇಲೂ ಜುಲೈ. ಬ್ಯಾಚ್ ನಂಬರು ಪುಸ್ತಕದ್ದೇ. ಆಕೆ ತಲೆಯಾಡಿಸಿದಳು, ಆದರೆ ಅಂಜಿಕೆ ಇಳಿಯಲಿಲ್ಲ. ಹಿಂದಿನ ಸಾಲು ಹೆಪ್ಪುಗಟ್ಟಿದ್ದರೆ ಮುಂದಿನದೂ ಹೆಪ್ಪುಗಟ್ಟಿರಬಹುದಲ್ಲ.

ತಿಳಿಯಲು ಒಂದೇ ದಾರಿ, ಅಲುಗಾಡಿಸಿ ನೋಡುವ ಪರೀಕ್ಷೆ. ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ರಾತ್ರಿಯೆಲ್ಲ ಬರ್ಫದ ಖಾನೆಯಲ್ಲಿಟ್ಟು ಗಡ್ಡೆ ಕಟ್ಟಿಸಬೇಕು. ಬೆಳಿಗ್ಗೆ ಅದು ತಾನಾಗಿ ಕರಗಿದ ಮೇಲೆ, ಅನುಮಾನದ ಸೀಸೆಯೊಂದಿಗೆ ಕೂಡಿಸಿ ಅಲುಗಾಡಿಸಿ, ಎರಡನ್ನೂ ಪಕ್ಕಪಕ್ಕ ನಿಲ್ಲಿಸಬೇಕು. ಹೆಪ್ಪುಗಟ್ಟಿ ಕೆಟ್ಟದ್ದರಲ್ಲಿ ಬಿಳಿ ಗಸಿ ಬೇಗ ತಳಕ್ಕಿಳಿಯುತ್ತದೆ. ಅನುಮಾನದ್ದೂ ಅಷ್ಟೇ ಬೇಗ ಇಳಿದರೆ ಅದೂ ಕೆಟ್ಟದ್ದು. ಜುಲೈ ಬ್ಯಾಚಿನ ತೆರೆಯದ ಸೀಸೆ ಒಂದು, ನವೆಂಬರಿನದೊಂದು, ಎರಡರ ಮೇಲೂ ‘ಹೆಪ್ಪುಗಟ್ಟಿಸಿದ್ದು, ಕೊಡಬಾರದು’ ಎಂದು ಬರೆದು ಖಾನೆಯಲ್ಲಿಟ್ಟಳು. ಒಳ್ಳೆಯದಿರಬಹುದಾದ ಲಸಿಕೆಯನ್ನು ತನ್ನ ಕೈಯಿಂದಲೇ ಕೆಡಿಸುವಾಗ ಆಕೆ ಕಣ್ಣು ಮುಚ್ಚಿಕೊಂಡದ್ದನ್ನು ನಾನು ಕಂಡೆ.

ಆ ಸಂಜೆ ಪೂನಮ್ ಬಂದಳು. ಮಗಳನ್ನು ಹೆಗಲಿಗೆ ಹಾಕಿಕೊಂಡು, ಮುಖದ ತುಂಬ ನಗು.

“ಅಕ್ಕಾ, ಜ್ವರ ಬಂದಾವ ನೋಡ್ರಿ. ಮೈ ಕಾದು ಕೆಂಡ ಆಗೇದ. ಸೂಜಿ ಬರೋಬ್ಬರಿ ಹತ್ತೇದ ಅಂತಾಳ ನಮ್ಮತ್ತಿ.”

ಜ್ವರ ಬಂದರೆ ಲಸಿಕೆ ಹತ್ತಿತು, ಬಾರದಿದ್ದರೆ ಹತ್ತಲಿಲ್ಲ ಎಂಬುದು ನಮ್ಮ ಓಣಿಯ ನಂಬಿಕೆ. ಅನಸುಬಾಯಿ ಕೂಸಿನ ಹಣೆ ಮುಟ್ಟಿ, ಜ್ವರ ಅಳೆದು, ಔಷಧಿಯ ಹನಿ ಎಷ್ಟೆಂದು ಹೇಳಿದಳು. ಬೇರೆ ದಿನವಾಗಿದ್ದರೆ ಪೂನಮಳ ಅತ್ತೆಯ ಮಾತಿಗೆ ನಕ್ಕು ನಾಲ್ಕು ಬುದ್ಧಿ ಹೇಳುತ್ತಿದ್ದಳು. ಅಂದು ನಗಲಿಲ್ಲ.

“ಪೂನಮ್, ಜ್ವರದ ಮ್ಯಾಲ ಹೇಳ್ಲಿಕ್ಕ ಬರಂಗಿಲ್ಲ ತಂಗಿ. ಸೀಸಿ ಮ್ಯಾಲ ನನಗ ಒಂದು ಅನುಮಾನ ಅದ. ನಾಳಿ ಮಧ್ಯಾಹ್ನಕ್ಕ ಗೊತ್ತಾಗತದ. ಕೆಟ್ಟದ್ದಿತ್ತಂದ್ರ ಇನ್ನೊಮ್ಮಿ ಸೂಜಿ ಹಾಕಬೇಕಾಗತದ.”

ಪೂನಮಳ ನಗು ನಿಂತಿತು. “ಕೆಟ್ಟ ಸೂಜಿ ಹಾಕೀರಿ?”

“ವಿಷ ಅಲ್ಲ. ಮೈಗಿ ಏನೂ ಮಾಡಂಗಿಲ್ಲ. ಕೆಲಸ ಮಾಡಲಿಕ್ಕಿಲ್ಲ ಅಂತ ಅಂಜಿಕಿ.”

“ನೀವೇ ಅಂಜಿದ್ರ ನಾವ್ ಯಾರ ಬಲ್ಲಿ ಹೋಗೋದು ಅಕ್ಕಾ?” ಎಂದು ಪೂನಮ್ ಕೂಸನ್ನು ಎದೆಗೆ ಒತ್ತಿಕೊಂಡು ಹೊರಟುಹೋದಳು. ನಾಳೆಯವರೆಗೆ ಸುಮ್ಮನಿರಬಹುದಿತ್ತಲ್ಲ ಎಂದು ಡಾಕ್ಟರ್ ಸುಮಂಗಲಾ ಮೆಲ್ಲನೆ ಅಂದರು. ಅನಸುಬಾಯಿ, “ಐತವಾರದ್ದು ಸುಮ್ಮ ಬರದದ್ದಕ್ಕ ಇಷ್ಟ ಆಗೇದ್ರಿ ಮೇಡಂ” ಎಂದಳು. ಅಷ್ಟೇ.

ಶುಕ್ರವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹೆಪ್ಪುಗಟ್ಟಿಸಿದ ಸೀಸೆಗಳು ಕಿಟಕಿಯ ಬಳಿ ಕರಗುತ್ತಿದ್ದವು. ಅನಸುಬಾಯಿ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು ಬಂದಿದ್ದಳು. ಕಣ್ಣು ಊದಿದ್ದವು. ಹೊರಗಿನ ಕಟ್ಟೆಯ ಮೇಲೆ ಪೂನಮ್, ಆಕೆಯೊಂದಿಗೆ ಇನ್ನೂ ನಾಲ್ವರು ತಾಯಂದಿರು.

ಮೊದಲು ನವೆಂಬರಿನ ಜೋಡಿ. ಹೆಪ್ಪುಗಟ್ಟಿಸಿದ್ದನ್ನೂ ಅನುಮಾನದ್ದನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ಅಲುಗಾಡಿಸಿ ಫರಸಿಯ ಹಲಗೆಯ ಮೇಲೆ ನಿಲ್ಲಿಸಿದಳು. ಎರಡೂ ತೆಳು ಹಾಲಿನಂತೆ ಕಂಡವು. ಕೆಲವು ನಿಮಿಷ ಕಳೆದವು. ಎರಡರ ಮೇಲ್ಭಾಗವೂ ತಿಳಿಯಾಯಿತು, ಎರಡರ ತಳದಲ್ಲೂ ಬಿಳಿ ಗಸಿ ಕೂತಿತು. ಸಮಸಮ. ಉಳಿದ ನಾಲ್ಕನ್ನೂ ಹಾಗೆಯೇ ನೋಡಿದಳು. ಅವೂ ಹಾಗೇ.

“ಹಿಂದಿನ ಸಾಲು ಹೋಯ್ತ್ರಿ” ಎಂದಳು.

ಆಮೇಲೆ ಜುಲೈನ ಜೋಡಿ. ಹೆಪ್ಪುಗಟ್ಟಿಸಿದ್ದೊಂದು, ಪೂನಮಳ ಮಗಳಿಗೆ ಒಂದು ಡೋಸು ತೆಗೆದು ಒಂಬತ್ತು ಉಳಿದಿದ್ದ ಸೀಸೆಯೊಂದು. ಅಲುಗಾಡಿಸಿ ಇಟ್ಟು ಆಕೆ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಕಮರುನ್ನೀಸಾ ಮೂಲೆಯಲ್ಲಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಐದು ನಿಮಿಷಕ್ಕೆ ಹೆಪ್ಪುಗಟ್ಟಿಸಿದ್ದು ತಿಳಿಯಾಗತೊಡಗಿತು. ಇನ್ನೊಂದು ಹಾಲಿನಂತೆಯೇ ಇತ್ತು. ಹತ್ತು ನಿಮಿಷ. ಹೆಪ್ಪುಗಟ್ಟಿಸಿದ್ದರ ತಳದಲ್ಲಿ ಗಸಿ. ಇನ್ನೊಂದು ಹಾಲಿನಂತೆಯೇ. ಅರ್ಧ ಗಂಟೆ ಕಾದೆವು. ಪಕ್ಕದ ಸೀಸೆ ನೀರಿನಂತಾಗಿ ಗಸಿ ಗಟ್ಟಿಯಾಗಿ ಕೂತಿದ್ದಾಗಲೂ ಈ ಸೀಸೆ ಮಸುಕಾಗಿಯೇ ಇತ್ತು.

ಡಾಕ್ಟರ್ ಸುಮಂಗಲಾ ಬಗ್ಗಿ ನೋಡಿ, “ಇದು ಹೆಪ್ಪುಗಟ್ಟಿಲ್ಲ ಅನಸು. ಬರಿದಾದ ಸೀಸೆಯೂ ಇದರ ಪಕ್ಕದಲ್ಲೇ ಮುಂದಿನ ಸಾಲಿನಲ್ಲಿದ್ದದ್ದು. ಮಕ್ಕಳಿಗೆ ಹೋದದ್ದು ಒಳ್ಳೆಯದೇ” ಎಂದರು.

ಬೇಗ ಮುಗಿಯುವುದನ್ನು ಮುಂದೆ ಇಟ್ಟು ಮೊದಲು ತೆಗೆದದ್ದರಿಂದ ಆ ಕೂಸುಗಳು ಉಳಿದವು. ಫ್ರಿಜ್ಜಿನ ಹಿಂಗೋಡೆಯ ಥಂಡಿ ಹಿಂದಿನ ಸಾಲಿಗೆ ತಗುಲಿ ಅಲ್ಲೇ ನಿಂತಿತ್ತು. ಅನಸುಬಾಯಿ ಹೊರಗೆ ಹೋಗಿ ತಾಯಂದಿರಿಗೆ ಹೇಳಿದಳು. ಪೂನಮ್ ಒಂದು ಕ್ಷಣ ಆಕೆಯ ಮುಖ ನೋಡಿ, “ನಿನ್ನೆ ರಾತ್ರಿ ನಿಮಗ ಭಾಳ ಬೈದೀನಿ ಅಕ್ಕಾ” ಎಂದಳು. “ಬೈಯಬೇಕು. ಇನ್ನೂ ಬೈ” ಎಂದು ಅನಸುಬಾಯಿ ಕಟ್ಟೆಯ ಮೇಲೆ ಕುಳಿತು ಅತ್ತಳು. ಉಳಿದ ಆರು ಮನೆಗಳಿಗೆ ಮಧ್ಯಾಹ್ನದ ಬಿಸಿಲಲ್ಲೇ ನಡೆದುಹೋಗಿ, ಆದದ್ದನ್ನು ಮುಚ್ಚದೆ ಹೇಳಿಬಂದಳು.

ತಾಲ್ಲೂಕಿನ ಲಸಿಕೆ ಅಧಿಕಾರಿ ಸಾಯಬಣ್ಣನವರಿಗೆ ಅದೇ ದಿನ ಪತ್ರ ಹೋಯಿತು. ಬರೆದವನು ನಾನು, ಹೇಳಿ ಬರೆಸಿದವಳು ಆಕೆ. ಸೋಮವಾರ ಅವರು ಬಂದು ಎಲ್ಲವನ್ನೂ ನೋಡಿದರು.

“ನಲವತ್ತನಾಕು ಡಿಗ್ರಿ ಊರಾಗ ಥಂಡಿಗಿ ಲಸಿಕಿ ಕೆಡಿಸ್ದ್ರಿ ಅಂತ ಮ್ಯಾಲಿನವ್ರಿಗಿ ಬರೀಬೇಕಾ ನಾ? ನಗತಾರ ನನಗ” ಎಂದರು. ಆಮೇಲೆ ಬೆರಳು ಭಾನುವಾರದ ಚೌಕದ ಮೇಲೆ ನಿಂತಿತು. “ಇದು ಏನ್ರಿ?”

ಎರಡು ನಾಲ್ಕುಗಳ ಮೇಲೂ ಒಂದೊಂದು ಅಡ್ಡಗೆರೆ ಇತ್ತು, ಅಂಕಿ ಕಾಣುವಂತೆಯೇ. ಪಕ್ಕದಲ್ಲಿ ‘ನೋಡಿಲ್ಲ’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದ್ದಳು.

“ನಾ ನೋಡಿದ್ದಿಲ್ರಿ. ಸುಮ್ನೆ ಬರದಿದ್ದೆ.”

ಸಾಯಬಣ್ಣ ತಮ್ಮ ಪುಸ್ತಕ ತೆಗೆದರು. ಹೆಪ್ಪುಗಟ್ಟಿದ್ದ ಐದನ್ನೂ, ಪರೀಕ್ಷೆಗೆ ಕೆಡಿಸಿದ ಎರಡನ್ನೂ ನಷ್ಟದ ಲೆಕ್ಕಕ್ಕೆ ಹಾಕಿಸಿದರು. ತಾಪಮಾನವನ್ನು ತಾನಾಗಿ ಬರೆದಿಡುವ ಯಂತ್ರ ಬರುವವರೆಗೆ ಇಲ್ಲಿಗೆ ಲಸಿಕೆ ಕೊಡುವುದಿಲ್ಲ ಎಂದರು. ಐದು ಗುರುವಾರ ನಮ್ಮ ಪಡಸಾಲೆ ಖಾಲಿ ಇತ್ತು. ಆ ಐದೂ ಗುರುವಾರ ಅನಸುಬಾಯಿ ಓಣಿಯ ತಾಯಂದಿರನ್ನು ಆಟೋದಲ್ಲಿ ಕೂಡಿಸಿಕೊಂಡು ಸರ್ಕಾರಿ ದವಾಖಾನೆಗೆ ಹೋಗಿ ಸಾಲಿನಲ್ಲಿ ನಿಂತಳು.

ಇದಾಗಿ ಎರಡು ವರ್ಷ. ಈಗ ಆ ಫ್ರಿಜ್ಜಿನಲ್ಲಿ ಯಂತ್ರವಿದೆ, ಆದರೂ ಗೋಡೆಯ ಕಾಗದ ಇಳಿದಿಲ್ಲ. ತಾಪಮಾಪಕದ ಎರಡು ತುದಿಗೂ ಕೆಂಪು ಬಿದ್ದಿದೆ. ಗುಂಡಿಯ ಮೇಲೆ ಅಂಟುಪಟ್ಟಿ, ಅದರ ಮೇಲೆ ಆಕೆಯ ಸಹಿ. ಬೇಸಿಗೆ ಬಂತೆಂದರೆ ಅನಸುಬಾಯಿ ರಜೆ ಹಾಕಿ ಸೇಡಂ, ಚಿತ್ತಾಪುರ, ಚಿಂಚೋಳಿಯ ಸಣ್ಣ ದವಾಖಾನೆಗಳಿಗೆ ಬಸ್ಸು ಹತ್ತಿ ಹೋಗುತ್ತಾಳೆ. ಚೀಲದಲ್ಲಿ ಉಗುರಿನ ಬಣ್ಣದ ಎರಡು ಸೀಸೆ, ಮತ್ತು ಅಡ್ಡಗೆರೆ ಹೊಡೆದ ಆ ಹಳೆಯ ಕಾಗದ. ಅಲ್ಲಿನ ಎಳೆಯ ನರ್ಸುಗಳಿಗೆ ಮೊದಲು ಕಾಗದ ತೋರಿಸುತ್ತಾಳೆ, ಆಮೇಲೆ ಬಣ್ಣ ಹಚ್ಚುತ್ತಾಳೆ.

ಕಮರುನ್ನೀಸಾಗೆ ಒಂದರಿಂದ ಹತ್ತರವರೆಗೆ ಅಂಕಿ ಕಲಿಸಿದವನು ನಾನು. ಮೊನ್ನೆ ಭಾನುವಾರ ಸಂಜೆ ಹೋದಾಗ ಆಕೆ ಕಾಗದದ ಮುಂದೆ ನಿಂತು ಒಂದು ದೊಡ್ಡ ಐದನ್ನು ಬರೆಯುತ್ತಿದ್ದಳು. ಅನಸುಬಾಯಿ ಸ್ಟೂಲಿನ ಮೇಲೆ ಕುಳಿತು, “ನೋಡಿ ಬರದಿಯೇನ್ ಆಪಾ?” ಎಂದಳು. “ಕಣ್ಣಾರೆ ನೋಡೀನ್ ಬಾಯಿ” ಎಂದಳು ಆಪಾ. ಅನಸುಬಾಯಿ ಎದ್ದು ಬಾಗಿಲು ತೆರೆದು ತಾನೂ ನೋಡಿ, ಮುಚ್ಚಿ, ಐದರ ಪಕ್ಕದಲ್ಲಿ ತನ್ನ ಸಹಿಯನ್ನೂ ಹಾಕಿದಳು.